ಕಂಪ್ಲಿಯಿಂದ ಬಂದ ಫೋನ್: ಮುಖ ಬದಲಿಸುವ ಆಟ ಮತ್ತು ಅಳಿಯದೆ ಉಳಿದ ಫೋಟೊ

(ಪಾಡ್‌ಕಾಸ್ಟ್‌ನ ಬರಹ ರೂಪ. ಮಾತಿನಲ್ಲಿ ಹೇಳಿದ ಕೋಡ್ ಮತ್ತು ಕಮಾಂಡ್‌ಗಳನ್ನು ಓದುಗರ ಅನುಕೂಲಕ್ಕೆ ಆಯಾ ಜಾಗದಲ್ಲೇ ಕೊಟ್ಟಿದ್ದೇವೆ.)

ಇವತ್ತು ನಾನು ಹೇಳೋದು ನನ್ನದೇ ಒಂದು ತಪ್ಪಿನ ಕಥೆ. ಹೊಸಪೇಟೆಯಲ್ಲಿ ನನ್ನ ಸ್ನೇಹಿತನೊಬ್ಬನದು ಒಂದು ಸಣ್ಣ ಫೋಟೊ ಸ್ಟುಡಿಯೊ. ಹಂಪಿ ನೋಡೋಕೆ ಬಂದವರು ತಮ್ಮ ಫೋಟೊ ಕಳಿಸಿದ್ರೆ, ಅವರ ಮುಖವನ್ನು ನಾವು ಮೊದಲೇ ತೆಗೆದಿಟ್ಟ ಚಿತ್ರಕ್ಕೆ ಜೋಡಿಸಿ ಕೊಡೋಣ ಅಂತ ಅವನ ಆಸೆ. ಒಂದು ಚಿತ್ರದಲ್ಲಿ ಹಳೇ ಕಾಲದ ಅರಸನ ವೇಷ, ಇನ್ನೊಂದರಲ್ಲಿ ಸಂಡೂರಿನ ಲಂಬಾಣಿ ಕಸೂತಿಯ ಉಡುಪು, ಮತ್ತೊಂದರಲ್ಲಿ ತುಂಗಭದ್ರೆಯ ಮೇಲೆ ಹರಿಗೋಲಿನಲ್ಲಿ ಕೂತ ಭಂಗಿ. ಸರ್ವರ್ ಕೆಲಸ ನಂದು. ವೆಬ್ ಪುಟದ ಕೆಳಗಡೆ ನಾನೇ ಕೈಯಾರೆ ಒಂದು ಸಾಲು ಬರೆದೆ: "ನಿಮ್ಮ ಫೋಟೊವನ್ನು ಕೆಲಸ ಮುಗಿದ ತಕ್ಷಣ ಅಳಿಸುತ್ತೇವೆ."

ಮೂರು ವಾರ ಆದ್ಮೇಲೆ ಕಂಪ್ಲಿಯಿಂದ ಒಬ್ಬ ತಾಯಿ ಫೋನ್ ಮಾಡಿದ್ರು. "ಅಣ್ಣಾರೇ, ನಮ್ಮ ಹುಡುಗಿ ನಿಮ್ಮ ಆಟದಾಗ ಫೋಟೊ ಹಾಕ್ಯಾಳಂತ. ಒಂಬತ್ತನೇ ಕ್ಲಾಸು. ಆ ಫೋಟೊ ಇನ್ನೂ ನಿಮ್ಹತ್ರ ಐತೇನ್ರಿ?" ನಾನು ಒಂದು ಕ್ಷಣಾನೂ ಯೋಚನೆ ಮಾಡದೆ ಹೇಳಿದೆ, "ಇಲ್ಲ ಅಕ್ಕಾ, ಆಗಲೇ ಅಳಿಸಿ ಹೋಗೈತಿ." ಫೋನ್ ಇಟ್ಟ ಮೇಲೆ ಸುಮ್ನೆ ಖಾತ್ರಿಗೆ ಅಂತ ಸರ್ವರ್ ತೆಗೆದು ನೋಡಿದೆ. ಅಪ್‌ಲೋಡ್ ಫೋಲ್ಡರ್‌ನಲ್ಲಿ ಫೋಟೊಗಳು ಸಾಲಾಗಿ ಕೂತಿದ್ವು. ಅದರಲ್ಲಿ ಒಂದು, ತಂಪು ಕನ್ನಡಕ ಹಾಕಿ ಪಕ್ಕಕ್ಕೆ ತಿರುಗಿ ನಗ್ತಿದ್ದ ಆ ಹುಡುಗಿಯದು.

ವಿಚಿತ್ರ ಏನಂದ್ರೆ, ಚೆನ್ನಾಗಿ ಬಂದ ಫೋಟೊಗಳೆಲ್ಲ ಅಳಿಸಿ ಹೋಗಿದ್ವು. ಕೆಲಸ ಕೆಟ್ಟವು ಮಾತ್ರ ಉಳಿದಿದ್ವು. ಯಾಕೆ ಹೀಗೆ, ಆಮೇಲೆ ನಾವೇನು ಬದಲಾಯಿಸಿದ್ವಿ ಅನ್ನೋದೇ ಇವತ್ತಿನ ಮಾತು.

ಮುಖ ಹೇಗೆ ಬದಲಾಗುತ್ತೆ

ಮೊದಲು ಒಳಗೆ ಏನು ನಡೆಯುತ್ತೆ ಅಂತ ಎರಡು ಮಾತು. ನಾವು ಬಳಸಿದ್ದು ಇನ್‌ಸೈಟ್‌ಫೇಸ್ ಅನ್ನೋ ಮುಕ್ತ ತಂತ್ರಾಂಶ, ಅದರ ಜೊತೆಗೆ `inswapper_128.onnx` ಅನ್ನೋ ಮಾದರಿ. ಫೈಲು ಅರ್ಧ ಜಿಬಿಗಿಂತ ಸ್ವಲ್ಪ ದೊಡ್ಡದು. ಫೋಟೊ ಬಂದ ಕೂಡಲೇ ಮೊದಲ ಹಂತದಲ್ಲಿ ಮುಖ ಎಲ್ಲಿದೆ ಅಂತ ಹುಡುಕುತ್ತೆ. ಎರಡು ಕಣ್ಣು, ಮೂಗಿನ ತುದಿ, ಬಾಯಿಯ ಎರಡು ಮೂಲೆ, ಹೀಗೆ ಐದು ಗುರುತು ಹಾಕಿಕೊಳ್ಳುತ್ತೆ. ಎರಡನೇ ಹಂತದಲ್ಲಿ ಆ ಮುಖವನ್ನು 512 ಸಂಖ್ಯೆಗಳ ಒಂದು ಪಟ್ಟಿಯಾಗಿ ಮಾಡುತ್ತೆ. "ಇದು ಇಂಥವರ ಮುಖ" ಅನ್ನೋದು ಆ ಪಟ್ಟಿಯೊಳಗೇ ಇರುತ್ತೆ. ಮೂರನೇ ಹಂತದಲ್ಲಿ ನಮ್ಮ ಅರಸನ ಚಿತ್ರದ ಮುಖದ ಭಾಗವನ್ನು 128 × 128 ಚುಕ್ಕಿಗಳ ಅಳತೆಗೆ ತಂದು, ಆ ಸಂಖ್ಯೆಗಳನ್ನು ಆಧರಿಸಿ ಹೊಸ ಮುಖ ಬಿಡಿಸಿ, ವಾಪಸ್ ಅದೇ ಜಾಗಕ್ಕೆ ಅಂಟಿಸುತ್ತೆ.

ಇಲ್ಲಿ ಎರಡು ವಿಷಯ ನೆನಪಿಟ್ಟುಕೊಳ್ಳಿ. ಒಂದು, ಅಳಿಸಬೇಕಾದದ್ದು ಬರೀ ಫೋಟೊ ಅಲ್ಲ, ಆ 512 ಸಂಖ್ಯೆಗಳೂ ಹೌದು. ಅದೇ ಮನುಷ್ಯನನ್ನು ಬೇರೆ ಫೋಟೊದಲ್ಲಿ ಗುರುತು ಹಿಡಿಯೋಕೆ ಅವಷ್ಟೇ ಸಾಕು. "ಎರಡನೇ ಸಲ ಬಂದ್ರೆ ಬೇಗ ಆಗಲಿ" ಅಂತ ಅವನ್ನು ಡೇಟಾಬೇಸ್‌ನಲ್ಲಿ ಇಟ್ಕೊಂಡ್ರೆ, ಫೋಟೊ ಅಳಿಸಿದ್ದಕ್ಕೆ ಅರ್ಥವೇ ಇಲ್ಲ. ಎರಡು, ಈ ತಂತ್ರಾಂಶದ ಕೋಡ್ ಮುಕ್ತವಾಗಿದ್ರೂ ತರಬೇತಿ ಕೊಟ್ಟ ಮಾದರಿಗಳನ್ನು ವಾಣಿಜ್ಯೇತರ ಸಂಶೋಧನೆಗೆ ಮಾತ್ರ ಬಿಟ್ಟಿದ್ದಾರೆ. ನಮ್ಮದು ದುಡ್ಡು ತಗೊಳ್ಳದ ಪ್ರಯೋಗ. ಫೋಟೊಗೆ ಐವತ್ತು ರೂಪಾಯಿ ಅಂತ ಬೋರ್ಡು ಹಾಕೋ ಮುಂಚೆ ಪರವಾನಗಿ ಪಡೀಬೇಕು. ಇದನ್ನು ಸ್ನೇಹಿತನಿಗೆ ಮೊದಲ ದಿನವೇ ಹೇಳಿದ್ದೆ.

ಇನ್ನೊಂದು ನಿರ್ಧಾರ ಶುರುವಿನಲ್ಲೇ ಮಾಡಿದ್ವಿ, ಅದೊಂದು ಸರಿಯಾಗಿತ್ತು. ಬಂದವರು ಒಂದೇ ಫೋಟೊ ಹಾಕಬಹುದು, ತಮ್ಮ ಮುಖದ್ದು. ಆ ಮುಖ ಯಾವ ಚಿತ್ರದ ಮೇಲೆ ಕೂರಬೇಕು ಅನ್ನೋದನ್ನು ನಮ್ಮ ಹತ್ತು ಚಿತ್ರಗಳಲ್ಲೇ ಆರಿಸಬೇಕು. 2023ರ ನವೆಂಬರ್‌ನಲ್ಲಿ ನಮ್ಮ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು, ಲಿಫ್ಟ್ ಒಳಗೆ ಬರ್ತಿದ್ದ ಬೇರೊಬ್ಬ ಮಹಿಳೆಯ ವಿಡಿಯೊಗೆ ಅಂಟಿಸಿ ಹರಿಬಿಟ್ಟಿದ್ದು ನಿಮಗೆ ನೆನಪಿರಬಹುದು. ದೆಹಲಿ ಪೊಲೀಸರು ಪ್ರಕರಣ ದಾಖಲಿಸಿ, 2024ರ ಜನವರಿಯಲ್ಲಿ ಒಬ್ಬನನ್ನು ಬಂಧಿಸಿದರು. ಅಲ್ಲಿ ಅನ್ಯಾಯ ಆಗಿದ್ದು ಇಬ್ಬರಿಗೆ, ಮುಖ ಕಳೆದುಕೊಂಡವರಿಗೂ, ಮೈ ಬಳಕೆಯಾದವರಿಗೂ. ಎರಡೂ ಫೋಟೊಗಳನ್ನು ಬಂದವರೇ ಹಾಕೋ ಹಾಗೆ ಬಿಟ್ರೆ ನಮ್ಮ ಸೇವೆಯೂ ಅದೇ ಕೆಲಸಕ್ಕೆ ಬಳಕೆಯಾಗುತ್ತೆ. ಅದಕ್ಕೇ ಒಂದು ಕಡೆ ಬೀಗ ಹಾಕಿದ್ವಿ. ಲಂಬಾಣಿ ಉಡುಪಿನ ಚಿತ್ರಕ್ಕೆ ನಿಂತ ಸಂಡೂರಿನ ಅಕ್ಕನಿಂದಲೂ, ನಿಮ್ಮ ಚಿತ್ರದ ಮೇಲೆ ಬೇರೆಯವರ ಮುಖ ಬರುತ್ತೆ ಅಂತ ವಿವರಿಸಿ ಬರಹದಲ್ಲಿ ಒಪ್ಪಿಗೆ ತಗೊಂಡ್ವಿ. ಹೊರಬರೋ ಪ್ರತಿ ಚಿತ್ರದ ಮೂಲೆಯಲ್ಲಿ "ಮುಖ ಬದಲಿಸಿದ ಚಿತ್ರ" ಅಂತ ಅಚ್ಚು ಬೀಳುತ್ತೆ.

ತಪ್ಪು ಎಲ್ಲಿತ್ತು

ಈಗ ಆ ಹುಡುಗಿಯ ಫೋಟೊಗೆ ಬರೋಣ. ನನ್ನ ಮೊದಲ ಕೋಡ್‌ನಲ್ಲಿ ಕೆಲಸ ಮೇಲಿಂದ ಕೆಳಕ್ಕೆ ಹೀಗೆ ನಡೀತಿತ್ತು: ಫೋಟೊವನ್ನು ಫೋಲ್ಡರ್‌ಗೆ ಬರಿ, ಮುಖ ಬದಲಿಸು, ಫಲಿತಾಂಶ ಕಳಿಸು, ಕೊನೆಗೆ ಫೋಟೊ ಅಳಿಸು. ನೋಡೋಕೆ ಸರಿಯಾಗೇ ಇದೆ. ಆದ್ರೆ ಹುಡುಗಿ ಪಕ್ಕಕ್ಕೆ ತಿರುಗಿದ್ಲು, ಕಣ್ಣಿಗೆ ಕನ್ನಡಕ ಬೇರೆ. ಮುಖ ಹುಡುಕೋ ಹಂತದಲ್ಲೇ "ಮುಖ ಸಿಗಲಿಲ್ಲ" ಅಂತ ದೋಷ ಬಂತು. ದೋಷ ಬಂದ ಕಡೆಗೇ ಕೆಲಸ ನಿಂತುಬಿಡ್ತು. ಅಳಿಸೋ ಸಾಲು ಅದಕ್ಕಿಂತ ಕೆಳಗಿತ್ತಲ್ಲ, ಅಲ್ಲೀತನಕ ಅದು ಹೋಗಲೇ ಇಲ್ಲ. ಅವಳಿಗೆ ಪರದೆ ಮೇಲೆ "ಕ್ಷಮಿಸಿ, ಮತ್ತೊಮ್ಮೆ ಪ್ರಯತ್ನಿಸಿ" ಅಂತ ಬಂತು. ಅವಳು ಎದುರಿಗೆ ನೋಡೋ ಇನ್ನೊಂದು ಫೋಟೊ ಹಾಕಿದ್ಲು, ಅದು ಸರಿ ಹೋಯ್ತು, ಅಳಿಸಿಯೂ ಹೋಯ್ತು. ಮೊದಲನೆಯದು ಅಲ್ಲೇ ಉಳೀತು.

ಇದಕ್ಕೆ ಪರಿಹಾರ ಎಲ್ಲ ಪ್ರೋಗ್ರಾಮರ್‌ಗಳಿಗೂ ಗೊತ್ತು. ಅಳಿಸೋ ಸಾಲನ್ನು `finally` ಒಳಗೆ ಹಾಕಬೇಕು. ಗೆದ್ರೂ ಸೋತ್ರೂ ಆ ಭಾಗ ನಡೆದೇ ನಡೆಯುತ್ತೆ.

```python
job = Path(tempfile.mkdtemp(dir="/srv/mukha"))
try:
    src = job / "in.jpg"
    src.write_bytes(data)
    result = swap(src, template)
finally:
    shutil.rmtree(job)
```

ಇಲ್ಲಿ ಒಂದು ಎಚ್ಚರಿಕೆ. ಅಂತರ್ಜಾಲದಲ್ಲಿ ಸಿಗೋ ಮಾದರಿಗಳಲ್ಲಿ ಕೊನೇ ಸಾಲಿಗೆ `ignore_errors=True` ಅಂತ ಸೇರಿಸಿರ್ತಾರೆ. ಹಾಗೆ ಮಾಡಬೇಡಿ. ಅಳಿಸೋಕೆ ಆಗದೆ ಇದ್ರೆ ಅದು ಸದ್ದು ಮಾಡಬೇಕು, ನಿಮಗೆ ಗೊತ್ತಾಗಬೇಕು. ಬಂದ ಫೋಟೊದ ಹೆಸರನ್ನೂ ಹಾಗೇ ಬಳಸಬೇಡಿ. ಫೋನಿನ ಫೈಲ್ ಹೆಸರಿನಲ್ಲಿ ತಾರೀಕು ಇರುತ್ತೆ, ಕೆಲವರು ತಮ್ಮ ಹೆಸರೇ ಇಟ್ಟಿರ್ತಾರೆ. ಆ ಹೆಸರು ಲಾಗ್‌ಗೆ ಹೋದ್ರೆ ಫೋಟೊ ಹೋದ ಮೇಲೂ ಅದರ ಗುರುತು ಉಳಿಯುತ್ತೆ.

ಇಷ್ಟು ಮಾಡಿ ನಾನು ನೆಮ್ಮದಿಯಾಗಿ ಮಲಗಿದೆ. ಒಂದು ಭಾನುವಾರ ಮತ್ತೆ ಫೋಲ್ಡರ್ ನೋಡಿದ್ರೆ ಎರಡು ಫೋಟೊ! ಈ ಸಲ ಕಾರಣ ಬೇರೆ. ನಮ್ಮ ಸರ್ವರ್‌ಗೆ ಇದ್ದಿದ್ದು 2 ಜಿಬಿ ರ‍್ಯಾಮ್. ಫೋನಿನ 12 ಮೆಗಾಪಿಕ್ಸೆಲ್ ಫೋಟೊ ಫೈಲಾಗಿ ಮೂರ್ನಾಲ್ಕು ಎಂಬಿ ಇರಬಹುದು. ಆದ್ರೆ ಅದನ್ನು ಬಿಚ್ಚಿದಾಗ 4000 × 3000 ಚುಕ್ಕಿ, ಒಂದೊಂದಕ್ಕೆ ಮೂರು ಬಣ್ಣ, ಅಂದ್ರೆ 36 ಎಂಬಿ. ಕೆಲಸದ ನಡುವೆ ಅದರ ಎರಡು ಮೂರು ಪ್ರತಿ ಆಗುತ್ತೆ. ಮಾದರಿ ಬೇರೆ ಅರ್ಧ ಜಿಬಿ, ನಾನು ಇಬ್ಬಿಬ್ಬರ ಕೆಲಸ ಒಟ್ಟಿಗೆ ಆಗಲಿ ಅಂತ ಅದನ್ನು ಎರಡು ಸಲ ಲೋಡ್ ಮಾಡಿದ್ದೆ. ರಜಾ ದಿನ ಒಂದೇ ಹೊತ್ತಿಗೆ ನಾಲ್ಕು ಜನ ಫೋಟೊ ಹಾಕಿದಾಗ ಜಾಗ ಸಾಲದೆ ಲಿನಕ್ಸ್ ನನ್ನ ಪ್ರೋಗ್ರಾಮನ್ನೇ ಕೊಂದುಹಾಕ್ತು. ಹಾಗೆ ಕೊಲ್ಲುವಾಗ ಅದು `finally`ಗೂ ಸಮಯ ಕೊಡಲ್ಲ. ಕರೆಂಟ್ ಹೋದ ಹಾಗೆ, ಅಲ್ಲಿಗೆ ಮುಗೀತು.

ಎರಡು ಬದಲಾವಣೆ ಮಾಡಿದೆ. ಫೋಟೊ ಬಂದ ತಕ್ಷಣ ಅದರ ಉದ್ದನೆಯ ಬದಿ 1600 ಚುಕ್ಕಿಗೆ ಇಳಿಸಿದೆ. ಕೊನೆಗೆ ಬಿಡಿಸೋದು 128 ಚುಕ್ಕಿಯ ಮುಖ ಅಂದ್ಮೇಲೆ ಅದಕ್ಕಿಂತ ದೊಡ್ಡದು ಬೇಕಿಲ್ಲ. ಫೋಟೊದ ಜೊತೆ ಅಡಗಿ ಬರೋ ಜಿಪಿಎಸ್ ಮಾಹಿತಿಯನ್ನೂ ಅಲ್ಲೇ ಬಿಟ್ಟುಬಿಟ್ಟೆ. ಎರಡನೆಯದು, ಒಂದು ಹೊತ್ತಿಗೆ ಒಂದೇ ಕೆಲಸ, ಮಿಕ್ಕವರು ಸಾಲಿನಲ್ಲಿ. ಆದ್ರೂ ಪ್ರೋಗ್ರಾಂ ಇನ್ನೊಂದು ದಿನ ಇನ್ನಾವುದೋ ಕಾರಣಕ್ಕೆ ಸಾಯಬಹುದು. ಪ್ರೋಗ್ರಾಂ ಸತ್ರೂ ಫೋಟೊ ಉಳಿಯಬಾರದು. ಅದಕ್ಕೆ ಬೇರೆ ದಾರಿ ಬೇಕಿತ್ತು.

ಡಿಸ್ಕ್‌ಗೆ ಬರೆಯದೇ ಇರೋದು

ವಿರೂಪಾಕ್ಷ ದೇವಸ್ಥಾನಕ್ಕೆ ಹೋದವರು ಒಳಗೆ ಆ ಕತ್ತಲೆ ಕೋಣೆಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಗೋಡೆ ಮೇಲೆ ಬೀಳೋದನ್ನು ನೋಡಿರ್ತೀರಿ. ಬೆಳಕು ಇರೋ ತನಕ ಚಿತ್ರ ಇರುತ್ತೆ, ಬೆಳಕು ಹೋದ್ರೆ ಗೋಡೆ ಖಾಲಿ. ಯಾರೂ ಒರೆಸೋದು ಬೇಕಿಲ್ಲ. ಡಿಸ್ಕ್‌ಗೂ ರ‍್ಯಾಮ್‌ಗೂ ಇರೋ ವ್ಯತ್ಯಾಸ ಹೆಚ್ಚುಕಮ್ಮಿ ಇದೇ.

ಡಿಸ್ಕ್‌ಗೆ ಒಮ್ಮೆ ಬರೆದ ಮೇಲೆ ಅಳಿಸೋದು ಅಂದ್ರೆ ಸಾಮಾನ್ಯವಾಗಿ ಹೆಸರನ್ನು ಪಟ್ಟಿಯಿಂದ ತೆಗೆಯೋದು ಅಷ್ಟೇ. ಒಳಗಿನ ಮಾಹಿತಿ ಅಲ್ಲೇ ಇರುತ್ತೆ, ಬೇರೆಯದು ಅದರ ಮೇಲೆ ಬರೆಯೋ ತನಕ. ಹಳೇ ಹಾರ್ಡ್‌ಡಿಸ್ಕ್‌ನಲ್ಲಿ ಅದರ ಮೇಲೆ ಬೇಕಂತಲೇ ಏನಾದರೂ ಬರೆದು ಅಳಿಸ್ತಿದ್ರು, ಅದಕ್ಕೆ `shred` ಅನ್ನೋ ಕಮಾಂಡ್ ಇದೆ. ಈಗಿನ ಎಸ್‌ಎಸ್‌ಡಿಗಳಲ್ಲಿ ಅದನ್ನು ನಂಬೋ ಹಾಗಿಲ್ಲ. ಒಂದೇ ಜಾಗ ಸವೆಯದಿರಲಿ ಅಂತ ಎಸ್‌ಎಸ್‌ಡಿ ಪ್ರತಿ ಸಲ ಬೇರೆ ಜಾಗದಲ್ಲಿ ಬರೆಯುತ್ತೆ. ನೀವು ಮೇಲೆ ಬರೆದೆ ಅಂದ್ಕೊಂಡಿದ್ದು ಪಕ್ಕದ ಜಾಗಕ್ಕೆ ಹೋಗಿರುತ್ತೆ. ಇನ್ನು ಬಾಡಿಗೆ ಸರ್ವರ್ ಆದ್ರೆ ದಿನಾ ರಾತ್ರಿ ಇಡೀ ಡಿಸ್ಕ್‌ನ ಬ್ಯಾಕಪ್ ಆಗೋ ಸೌಲಭ್ಯ ಇರುತ್ತೆ. ರಾತ್ರಿ ಆ ಹೊತ್ತಿನಲ್ಲಿ ಫೋಲ್ಡರ್‌ನಲ್ಲಿ ಇದ್ದ ಫೋಟೊ ಬ್ಯಾಕಪ್‌ಗೆ ಹೋಯ್ತು ಅಂದ್ರೆ, ಬೆಳಿಗ್ಗೆ ನೀವು ಅಳಿಸೋದು ಒಂದು ಪ್ರತಿ ಮಾತ್ರ. ಕಂಪ್ಲಿಯ ಹುಡುಗಿಯ ಫೋಟೊ ನನ್ನ ಬ್ಯಾಕಪ್‌ಗಳಲ್ಲೂ ಇತ್ತು. ಆ ದಿನಗಳ ಬ್ಯಾಕಪ್ ಎಲ್ಲವನ್ನೂ ನಾನು ತೆಗೆಸಬೇಕಾಯ್ತು.

ಅದಕ್ಕೇ ಫೋಟೊ ಇಡೋ ಫೋಲ್ಡರನ್ನೇ ರ‍್ಯಾಮ್‌ಗೆ ಸಾಗಿಸಿದೆ. ಲಿನಕ್ಸ್‌ನಲ್ಲಿ ಅದಕ್ಕೆ `tmpfs` ಅಂತಾರೆ. `/etc/fstab` ಫೈಲಿಗೆ ಒಂದು ಸಾಲು ಸೇರಿಸಿದ್ರೆ ಸಾಕು:

```
tmpfs /srv/mukha tmpfs size=256m,mode=0700,uid=1001,noexec,nosuid,nodev 0 0
```

ಇಲ್ಲಿ 1001 ಅನ್ನೋದು ನನ್ನ ಪ್ರೋಗ್ರಾಂ ಯಾವ ಬಳಕೆದಾರನ ಹೆಸರಲ್ಲಿ ನಡೆಯುತ್ತೋ ಅದರ ಸಂಖ್ಯೆ, ನಿಮ್ಮಲ್ಲಿ ಬೇರೆ ಇರುತ್ತೆ. ಒಂದು ಬಲೆ ಇದೆ. ರ‍್ಯಾಮ್ ಸಾಲದೆ ಬಂದಾಗ ಲಿನಕ್ಸ್ ಇದನ್ನೂ ಡಿಸ್ಕ್‌ನ ಸ್ವಾಪ್ ಜಾಗಕ್ಕೆ ತಳ್ಳಬಹುದು. ಅದಕ್ಕೆ `swapoff -a` ಕೊಟ್ಟು, ಅದೇ ಫೈಲಿನಿಂದ ಸ್ವಾಪ್ ಸಾಲನ್ನೂ ತೆಗೆದೆ. ಸ್ವಾಪ್ ಇಲ್ಲ ಅಂದ್ಮೇಲೆ ರ‍್ಯಾಮ್ ಸಾಲೋದು ಇನ್ನೂ ಮುಖ್ಯ. ಮೇಲೆ ಹೇಳಿದ 1600 ಚುಕ್ಕಿ ಮತ್ತು ಒಂದೇ ಸಾಲು ಇಲ್ಲಿ ಉಪಯೋಗಕ್ಕೆ ಬಂತು.

ಇನ್ನೊಂದು ಬಲೆ ನನ್ನ ಕೋಡ್‌ನಲ್ಲಿ ಇರಲೇ ಇಲ್ಲ, ಅದರ ಮುಂದೆ ಬಾಗಿಲು ಕಾಯೋ ಎಂಜಿನ್‌ಎಕ್ಸ್ ವೆಬ್ ಸರ್ವರ್‌ನಲ್ಲಿತ್ತು. ಬರೋ ಫೋಟೊ ಸ್ವಲ್ಪ ದೊಡ್ಡದಾದ್ರೆ ಅದು ಮೊದಲು ತನ್ನದೇ ತಾತ್ಕಾಲಿಕ ಫೋಲ್ಡರ್‌ಗೆ ಬರೆದುಕೊಂಡು, ಆಮೇಲೆ ನನ್ನ ಪ್ರೋಗ್ರಾಂಗೆ ಕೊಡುತ್ತೆ. ವಾಪಸ್ ಹೋಗೋ ಚಿತ್ರಕ್ಕೂ ಹಾಗೇ ಮಾಡಬಹುದು. ಕೆಲಸ ಮುಗಿದ ಮೇಲೆ ಅಳಿಸುತ್ತೆ ನಿಜ, ಆದ್ರೆ ಒಮ್ಮೆ ಡಿಸ್ಕ್ ಮುಟ್ಟಿ ಆಯ್ತಲ್ಲ. ಅದಕ್ಕೆ ಈ ನಾಲ್ಕು ಸಾಲು:

```
client_max_body_size 8m;
client_body_buffer_size 8m;
proxy_max_temp_file_size 0;
add_header Cache-Control "no-store";
```

ಮೊದಲೆರಡು ಸಾಲಿನ ಅರ್ಥ, 8 ಎಂಬಿಗಿಂತ ದೊಡ್ಡ ಫೋಟೊ ಬೇಡ, ಅದರೊಳಗಿನದು ರ‍್ಯಾಮ್‌ನಲ್ಲೇ ಇರಲಿ. ಮೂರನೆಯದು ವಾಪಸ್ ಹೋಗೋ ಚಿತ್ರವನ್ನು ಡಿಸ್ಕ್‌ಗೆ ಬರೆಯಬೇಡ ಅನ್ನೋದು. ನಾಲ್ಕನೆಯದು ಬ್ರೌಸರ್ ಮತ್ತು ದಾರಿಯಲ್ಲಿ ಬರೋ ಕ್ಯಾಷೆಗಳಿಗೆ, ಪ್ರತಿ ಇಟ್ಕೋಬೇಡಿ ಅನ್ನೋ ಸೂಚನೆ. ಪೈಥಾನ್‌ನ ವೆಬ್ ಚೌಕಟ್ಟುಗಳೂ ದೊಡ್ಡ ಅಪ್‌ಲೋಡ್‌ಗಳನ್ನು `/tmp`ಗೆ ಬರೆಯೋದುಂಟು, ಹಾಗಾಗಿ ಅದನ್ನೂ `tmpfs` ಮಾಡಿದೆ.

ಹತ್ತು ನಿಮಿಷದ ಲೆಕ್ಕ

ಹಾಕಿದ ಫೋಟೊ ಕೂಡಲೇ ಹೋಗುತ್ತೆ, ಸರಿ. ಮಾಡಿಕೊಟ್ಟ ಚಿತ್ರ ಎಷ್ಟು ಹೊತ್ತು ಇರಬೇಕು? ಸ್ನೇಹಿತ "ಒಂದು ದಿನ ಇರಲಿ" ಅಂದ. ನಾನು "ಒಂದು ಸಲ ಡೌನ್‌ಲೋಡ್ ಆದ ಕೂಡಲೇ ಹೋಗಲಿ" ಅಂದೆ. ಎರಡೂ ನಡೀಲಿಲ್ಲ. ಹಂಪಿಯ ಬಂಡೆಗಳ ನಡುವೆ ನಿಂತವರ ನೆಟ್‌ವರ್ಕ್ ಅರ್ಧಕ್ಕೆ ಕಡಿದು ಹೋದ್ರೆ ಚಿತ್ರ ಅವರಿಗೂ ಸಿಗಲ್ಲ, ನಮ್ಮಲ್ಲೂ ಇರಲ್ಲ. ಕೊನೆಗೆ ಹತ್ತು ನಿಮಿಷ ಅಂತ ಒಪ್ಪಿಕೊಂಡ್ವಿ. ಚಿತ್ರದ ಕೊಂಡಿ ಊಹಿಸೋಕೆ ಆಗದಂಥ ಉದ್ದನೆಯ ಹೆಸರಿನದ್ದು, `secrets.token_urlsafe(32)` ಕೊಟ್ಟದ್ದು. 1, 2, 3 ಅಂತ ಕ್ರಮಸಂಖ್ಯೆ ಇಟ್ರೆ ಯಾರು ಬೇಕಾದ್ರೂ ಪಕ್ಕದವರ ಚಿತ್ರ ತೆಗೆದು ನೋಡ್ತಾರೆ. ಸಮಯ ಮುಗಿದದ್ದನ್ನು ಪ್ರತಿ ನಿಮಿಷ ಗುಡಿಸೋಕೆ ಕ್ರಾನ್‌ನಲ್ಲಿ ಒಂದು ಸಾಲು:

```
* * * * * find /srv/mukha -type f -mmin +10 -delete
```

ಪ್ರೋಗ್ರಾಂ ನಡುವೆ ಸತ್ತು ಉಳಿದ ಫೋಟೊ ಇದ್ರೂ ಈ ಪೊರಕೆಗೆ ಸಿಗುತ್ತೆ. ಇದು ನನ್ನ ಪ್ರೋಗ್ರಾಂನ ಭಾಗ ಅಲ್ಲ, ಬೇರೆಯೇ ಕೆಲಸ. ಹಾಗಾಗಿ ಅದು ಸತ್ರೂ ಇದು ನಡೀತಾ ಇರುತ್ತೆ.

ಅಳಿಸಿತು ಅಂತ ಹೇಗೆ ಗೊತ್ತಾಗುತ್ತೆ?

ನಾನು ಮೊದಲ ಸಲ ಮಾಡಿದ ತಪ್ಪು ಅಂದ್ರೆ, ಚೆನ್ನಾಗಿ ಆಗೋ ಫೋಟೊದಿಂದ ಮಾತ್ರ ಪರೀಕ್ಷೆ ಮಾಡಿದ್ದು. ಈಗ ಮೂರು ಪರೀಕ್ಷೆ ಮಾಡ್ತೀವಿ. ಒಂದು, ಮುಖವೇ ಇಲ್ಲದ ಫೋಟೊ ಹಾಕೋದು. ನಾನು ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಫೋಟೊ ಹಾಕ್ತೀನಿ. ದೋಷ ಬರಬೇಕು, ಫೋಲ್ಡರ್ ಖಾಲಿ ಇರಬೇಕು. ಎರಡು, ಒಂದು ಫೋಟೊ ಹಾಕಿ ಕೆಲಸ ನಡೀತಿರೋವಾಗಲೇ `kill -9` ಕೊಟ್ಟು ಪ್ರೋಗ್ರಾಂ ಕೊಲ್ಲೋದು. ಹನ್ನೆರಡು ನಿಮಿಷ ಬಿಟ್ಟು ನೋಡಿದ್ರೆ ಯಾವ ಫೋಟೊನೂ ಇರಬಾರದು. ಮೂರು, ಹತ್ತಿಪ್ಪತ್ತು ಫೋಟೊ ಹಾಕಿದ ಕೂಡಲೇ ಡಿಸ್ಕ್ ಹುಡುಕೋದು:

```
find / -xdev -type f -size +100k -newermt "10 minutes ago"
lsof +L1
```

ಮೊದಲ ಕಮಾಂಡ್ ಮೂಲ ಡಿಸ್ಕ್ ಮೇಲೆ ಕಳೆದ ಹತ್ತು ನಿಮಿಷದಲ್ಲಿ ಬರೆದ ಫೈಲುಗಳನ್ನು ತೋರಿಸುತ್ತೆ, ರ‍್ಯಾಮ್‌ನ ಫೋಲ್ಡರನ್ನು ಬಿಟ್ಟು. ಲಾಗ್ ಒಂದೆರಡು ಕಾಣಬಹುದು, ಫೋಟೊ ಕಾಣಬಾರದು. ಎರಡನೆಯದು ಹೆಸರು ಅಳಿಸಿದ್ರೂ ಯಾವುದೋ ಪ್ರೋಗ್ರಾಂ ಇನ್ನೂ ಹಿಡ್ಕೊಂಡಿರೋ ಫೈಲುಗಳನ್ನು ತೋರಿಸುತ್ತೆ. ಅಂಥದ್ದು ಕಂಡ್ರೆ, ಆ ಪ್ರೋಗ್ರಾಂ ಕೈ ಬಿಡೋ ತನಕ ಫೋಟೊ ಪೂರ್ತಿ ಹೋಗಿಲ್ಲ ಅಂತ ಅರ್ಥ.

ಇಷ್ಟೆಲ್ಲ ಆದ ಮೇಲೂ ಕೋಡ್‌ಗೆ ಸಿಗದ ಒಂದು ಜಾಗ ಉಳಿದಿತ್ತು. ನೆಟ್‌ವರ್ಕ್ ಸಿಗದವರಿಂದ ಸ್ಟುಡಿಯೊ ಹುಡುಗ ವಾಟ್ಸ್ಆ್ಯಪ್‌ನಲ್ಲಿ ಫೋಟೊ ತಗೊಂಡು, ತಾನೇ ಅಪ್‌ಲೋಡ್ ಮಾಡ್ತಿದ್ದ. ಅವೆಲ್ಲ ಅವನ ಫೋನಿನ ಗ್ಯಾಲರಿಗೆ ಇಳಿದು, ಅಲ್ಲಿಂದ ಅವನ ಕ್ಲೌಡ್ ಖಾತೆಗೂ ಹೋಗ್ತಿದ್ವು. ಒಳ್ಳೇ ಮನಸ್ಸಿನಿಂದಲೇ ಮಾಡ್ತಿದ್ದ ಅವನು. ಅದನ್ನು ನಿಲ್ಲಿಸಿ, ಸ್ಟಾಲ್‌ನಲ್ಲಿ ಒಂದು ವೈಫೈ ಇಟ್ವಿ. ಇದ್ದದ್ದನ್ನೆಲ್ಲ ಅವನ ಜೊತೆ ಕೂತು ಫೋನಿನಿಂದಲೂ, ಕ್ಲೌಡ್‌ನಿಂದಲೂ, ಅದರ ಕಸದಬುಟ್ಟಿಯಿಂದಲೂ ತೆಗೆದ್ವಿ.

ಕಾನೂನಿನ ಬಗ್ಗೆ ಒಂದೇ ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ 18 ವರ್ಷದ ಒಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು, ಉದ್ದೇಶ ಮುಗಿದ ಮಾಹಿತಿ ಅಳಿಸಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದು, ಹಂತ ಹಂತವಾಗಿ ಜಾರಿಯಾಗ್ತಿವೆ. ಏನನ್ನು ಎಷ್ಟು ದಿನ ಉಳಿಸಿಕೊಳ್ಳಬೇಕು ಅನ್ನೋದೂ ಆ ನಿಯಮಗಳಲ್ಲಿದೆ, ಹಾಗಾಗಿ ದುಡ್ಡಿನ ವ್ಯವಹಾರಕ್ಕೆ ಇಳಿಯೋರು ಒಮ್ಮೆ ವಕೀಲರ ಹತ್ತಿರ ಕೂತು ಮಾತಾಡಿ. ನಾವು ಸದ್ಯಕ್ಕೆ ಮಕ್ಕಳ ಫೋಟೊವನ್ನು ಸ್ಟಾಲ್‌ನಲ್ಲಿ ತಂದೆ ಅಥವಾ ತಾಯಿ ಎದುರಿಗಿದ್ದು ಒಪ್ಪಿದ್ರೆ ಮಾತ್ರ ತಗೋತೀವಿ.

ಪುಟದ ಕೆಳಗಿನ ಸಾಲನ್ನೂ ಬದಲಾಯಿಸಿದೆ. ಈಗ ಅಲ್ಲಿ ಹೀಗಿದೆ: "ನೀವು ಹಾಕಿದ ಫೋಟೊ ಕೆಲಸ ಮುಗಿದ ಕೂಡಲೇ ಹೋಗುತ್ತದೆ, ಕೆಲಸ ನಡುವೆ ನಿಂತರೆ ಹೆಚ್ಚೆಂದರೆ ಹನ್ನೊಂದು ನಿಮಿಷದಲ್ಲಿ. ಮಾಡಿಕೊಟ್ಟ ಚಿತ್ರಕ್ಕೂ ಅಷ್ಟೇ ಸಮಯ. ನೀವು ಉಳಿಸಿಕೊಂಡ ಅಥವಾ ಹಂಚಿಕೊಂಡ ಪ್ರತಿಯನ್ನು ನಾವು ಅಳಿಸಲಾರೆವು." ಹತ್ತರ ಬದಲು ಹನ್ನೊಂದು ಯಾಕಂದ್ರೆ ಪೊರಕೆ ನಿಮಿಷಕ್ಕೊಮ್ಮೆ ಬರುತ್ತೆ.

ಕಂಪ್ಲಿಯ ಆ ಅಕ್ಕನಿಗೆ ಅವತ್ತೇ ವಾಪಸ್ ಫೋನ್ ಮಾಡಿದೆ. "ಅಕ್ಕಾ, ನಾನು ಮೊದಲು ಹೇಳಿದ್ದು ತಪ್ಪು. ಫೋಟೊ ಇತ್ತು. ಈಗ ತೆಗೆದೀನಿ, ಬ್ಯಾಕಪ್‌ನಾಗ ಇದ್ದದ್ದು ಇನ್ನೆರಡು ದಿನದಾಗ ಹೋಗ್ತೈತಿ, ಹೋದ ಮ್ಯಾಲೆ ಹೇಳ್ತೀನಿ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, "ಹೇಳಿದ್ದು ಚಲೋ ಆತು, ಆದ್ರ ಮೊದಲs ನೋಡಿ ಹೇಳ್ಬೇಕಿತ್ತಲ್ಲಪ್ಪಾ" ಅಂದ್ರು. ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡಿದೆ. ಈ ಸಲ ನೋಡೇ ಹೇಳಿದೆ.